ಐದು ಸಾವಿರದ ಕಂತಿಗೆ ಹದಿನೈದು ವರ್ಷ

ದಾವಣಗೆರೆಯ ಶಿಕ್ಷಕಿಯೊಬ್ಬರಿಗೆ ಮಗಳ ಮದುವೆಗೆ 5 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಅವರ ಗೃಹಸಾಲಕ್ಕೆ ಇನ್ನೂ 15 ವರ್ಷದ ಕಂತು ಬಾಕಿ ಇದೆ. ಬ್ಯಾಂಕಿನವರು ಅದೇ ಮನೆಯ ಮೇಲೆ ಶೇ. 9ರ ಬಡ್ಡಿಗೆ ಟಾಪ್-ಅಪ್ ಸಾಲ ಕೊಡಲು ಸಿದ್ಧ. ವೈಯಕ್ತಿಕ ಸಾಲವಾದರೆ ಬಡ್ಡಿ ಶೇ. 13, ನಾಲ್ಕು ವರ್ಷದಲ್ಲಿ ತೀರಿಸಬೇಕು. "ಮೇಡಂ, ಟಾಪ್-ಅಪ್ ತಗೊಳ್ಳಿ, ತಿಂಗಳಿಗೆ ಐದು ಸಾವಿರ ಚಿಲ್ಲರೆ ಅಷ್ಟೇ" ಎನ್ನುತ್ತಾರೆ ಸಾಲದ ವಿಭಾಗದವರು.

ಮಾತು ನಿಜವೇ. ಕಂತು 5,071 ರೂಪಾಯಿ. ವೈಯಕ್ತಿಕ ಸಾಲದ್ದು 13,414. ಆದರೆ ಆ ಸಣ್ಣ ಕಂತನ್ನು 15 ವರ್ಷ ಕಟ್ಟಿದರೆ ಬಡ್ಡಿಯೇ ಸುಮಾರು 4.13 ಲಕ್ಷವಾಗುತ್ತದೆ. ದುಬಾರಿ ಎನಿಸಿಕೊಂಡ ವೈಯಕ್ತಿಕ ಸಾಲದ ಒಟ್ಟು ಬಡ್ಡಿ 1.44 ಲಕ್ಷ ಮಾತ್ರ. ದರ ಕಡಿಮೆಯಿದ್ದೂ ಮೂರು ಪಟ್ಟು ಹತ್ತಿರದ ಬಡ್ಡಿ ಹೋಗುವುದು ಅವಧಿಯ ದೆಸೆಯಿಂದ. ಮದುವೆಯ ಊಟದ ಸಾಲವನ್ನು ಮೊಮ್ಮಕ್ಕಳು ಹೈಸ್ಕೂಲು ಸೇರುವ ಹೊತ್ತಿನವರೆಗೂ ತೀರಿಸುವಂತಾಗುತ್ತದೆ.

ಹಾಗೆಂದು ಟಾಪ್-ಅಪ್ ಕೆಟ್ಟದ್ದಲ್ಲ, ಬಳಸುವ ರೀತಿ ಗೊತ್ತಿರಬೇಕು. ಶಿಕ್ಷಕಿ ಟಾಪ್-ಅಪ್ ತೆಗೆದುಕೊಂಡು, ಪ್ರತಿ ತಿಂಗಳೂ ವೈಯಕ್ತಿಕ ಸಾಲದ ಕಂತಿನಷ್ಟೇ, ಅಂದರೆ 13,414 ರೂಪಾಯಿ ಕಟ್ಟುತ್ತಾ ಹೋದರೆ ಸಾಲ 44 ತಿಂಗಳಲ್ಲಿ ಮುಗಿಯುತ್ತದೆ. ಬಡ್ಡಿ ಸುಮಾರು 89 ಸಾವಿರ. 55 ಸಾವಿರ ಉಳಿತಾಯ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಹೆಚ್ಚುವರಿ ಹಣ ಟಾಪ್-ಅಪ್ ಖಾತೆಗೇ ಹೋಗಿ ಅಸಲು ಇಳಿದಿದೆಯೇ ಎಂದು ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಬೇಕು. ಕೆಲವೊಮ್ಮೆ ಅದು ಮುಂದಿನ ಕಂತುಗಳಿಗೆ ಮುಂಗಡವಾಗಿ ಜಮೆಯಾಗಿ, ಅಸಲು ಇದ್ದಲ್ಲೇ ಇರುತ್ತದೆ.

ಬೇಕಾದದ್ದು ಒಂದು ಲಕ್ಷ, ತೀರಿಸುವುದು ಒಂದು ವರ್ಷದಲ್ಲಿ ಎಂದಾದರೆ ಲೆಕ್ಕವೇ ಬೇರೆ. ಎರಡು ದರಗಳ ನಡುವಿನ ಬಡ್ಡಿಯ ವ್ಯತ್ಯಾಸ 2,200 ರೂಪಾಯಿ ಚಿಲ್ಲರೆ. ಟಾಪ್-ಅಪ್‌ಗೆ ಸಂಸ್ಕರಣಾ ಶುಲ್ಕ, ವಕೀಲರ ವರದಿ, ಮನೆಯ ಮೌಲ್ಯಮಾಪನ ಎಂದೆಲ್ಲ ಕಟ್ಟುವಾಗ ಅಷ್ಟು ಹಣ ಅಲ್ಲೇ ಕರಗಬಹುದು. ಆಗ ವೈಯಕ್ತಿಕ ಸಾಲವೇ ಮೇಲು.

ಇನ್ನೊಂದು ವ್ಯತ್ಯಾಸ ಬಡ್ಡಿಯ ಲೆಕ್ಕದಲ್ಲಿ ಕಾಣುವುದಿಲ್ಲ. ವೈಯಕ್ತಿಕ ಸಾಲಕ್ಕೆ ಅಡಮಾನವಿಲ್ಲ. ಟಾಪ್-ಅಪ್‌ಗೆ ಮನೆಯ ಪತ್ರವೇ ಭದ್ರತೆ. ಕಂತು 90 ದಿನ ಮೀರಿ ನಿಂತರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಬಹುದು. ಸಂಬಳ ಖಾತ್ರಿಯಿಲ್ಲದವರು ಮದುವೆ, ಪ್ರವಾಸದಂಥ ಖರ್ಚಿಗೆ ಮನೆಯನ್ನು ಒತ್ತೆಯಿಡಬಾರದು.

ಸಹಿ ಹಾಕುವ ಮೊದಲು ಬ್ಯಾಂಕು ಕೊಡಲೇಬೇಕಾದ ಮುಖ್ಯಾಂಶಗಳ ಹಾಳೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಅವಧಿ ಎಷ್ಟೆಂದು ಬರೆದಿದೆ, ಕೊನೆಗೆ ಕಟ್ಟುವ ಒಟ್ಟು ಮೊತ್ತ ಎಷ್ಟು ಎಂಬ ಎರಡನ್ನು ಮೊದಲು ಓದಿ. ಕಂತನ್ನು ಆಮೇಲೆ ನೋಡಿ.