ಮೂರು ಸುಳಿವಿಗೆ ಸಿಗುವುದು ಸಿನಿಮಾ, ಹಾಡಲ್ಲ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಕೂಟಗಳಲ್ಲಿ ನಡೆಯುವ ‘ಹಾಡು ಗುರುತಿಸಿ’ ಸ್ಪರ್ಧೆಗೆ ಬಹುಮಟ್ಟಿಗೆ ಒಂದೇ ಅಚ್ಚು. ಮೊದಲ ಸುಳಿವು ಸಂಗೀತ ನಿರ್ದೇಶಕರ ಬದುಕಿನ ಒಂದು ಘಟನೆ, ಎರಡನೆಯದು ಚಿತ್ರ ತೆರೆಕಂಡ ವರ್ಷ, ಮೂರನೆಯದು ನಾಯಕ ನಾಯಕಿಯರ ಹೆಸರು. ಇಲ್ಲಿನ ಸಭಿಕರು ಪಿ.ಬಿ. ಶ್ರೀನಿವಾಸರನ್ನೂ ಲತಾ ಮಂಗೇಶ್ಕರರನ್ನೂ ಮನೆಯವರೆಂದೇ ಬಲ್ಲವರು. ಹಾಗಾಗಿ ಕನ್ನಡದ ಪ್ರಶ್ನೆಯ ಬೆನ್ನಿಗೇ ಹಿಂದಿಯದೊಂದು ಬರುತ್ತದೆ. ಈ ಮೂರು ಸುಳಿವುಗಳಿಂದ ಹಾಡನ್ನು ಹೇಳಬಲ್ಲವರೇ ನಿಜವಾದ ರಸಿಕರು ಎಂಬುದು ಎಲ್ಲರೂ ಒಪ್ಪಿಕೊಂಡು ಬಂದ ಮಾತು. ಈ ಆಟ ನನಗೆ ಬಲು ಇಷ್ಟ. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಮೂರೂ ಸುಳಿವುಗಳು ಸೇರಿ ಗುರುತಿಸುವುದು ಸಿನಿಮಾವನ್ನು. ಹಾಡಿನ ಹತ್ತಿರಕ್ಕೂ ಅವು ಹೋಗುವುದಿಲ್ಲ.

ಒಂದು ಕನ್ನಡ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಇಳಯರಾಜಾ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಯಾರ ಸಹಾಯಕರಾಗಿ ದುಡಿದಿದ್ದರೋ ಅವರು ಸ್ವರ ಹಾಕಿದ ಹಾಡು, ವರ್ಷ 1977, ತಾರೆಯರು ರಾಜಕುಮಾರ್ ಮತ್ತು ಜಯಪ್ರದಾ. ಮೊದಲ ಸುಳಿವಿನಿಂದ ಜಿ.ಕೆ. ವೆಂಕಟೇಶ್ ಎಂದು ತಿಳಿಯುತ್ತದೆ. ಅಷ್ಟರಿಂದ ಏನೂ ಸಾಗದು, ಅವರು ಸಂಗೀತ ನೀಡಿದ ಚಿತ್ರಗಳ ಪಟ್ಟಿ ಬಹಳ ಉದ್ದ. ತಾರೆಯರ ಜೋಡಿಯನ್ನು ಹಿಡಿದು ಹೊರಟರೆ ‘ಸನಾದಿ ಅಪ್ಪಣ್ಣ’, ‘ಹುಲಿಯ ಹಾಲಿನ ಮೇವು’, ‘ಕವಿರತ್ನ ಕಾಳಿದಾಸ’, ‘ಶಬ್ದವೇಧಿ’ ಕಣ್ಣ ಮುಂದೆ ನಿಲ್ಲುತ್ತವೆ. ‘ಕಾಳಿದಾಸ’ ಎಂ. ರಂಗರಾವ್ ಅವರದು, ‘ಶಬ್ದವೇಧಿ’ ಹಂಸಲೇಖ ಅವರದು, ಎರಡೂ ಬಿದ್ದುಹೋದವು. ಉಳಿದ ಎರಡಕ್ಕೂ ವೆಂಕಟೇಶರದೇ ಸಂಗೀತ. ಇಲ್ಲಿ ವರ್ಷ ಕೆಲಸಕ್ಕೆ ಬರುತ್ತದೆ: ‘ಹುಲಿಯ ಹಾಲಿನ ಮೇವು’ 1979ರದು, ಆದ್ದರಿಂದ ಉತ್ತರ ‘ಸನಾದಿ ಅಪ್ಪಣ್ಣ’.

ಸೋಸುವ ಈ ಕ್ರಮ ಚೊಕ್ಕವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಚಿತ್ರದ ಹೆಸರಿಗೆ ಬಂದು ನಿಂತುಬಿಟ್ಟಿತು. ಚಿತ್ರದಲ್ಲಿರುವುದು ಒಂದೇ ಹಾಡಲ್ಲವಲ್ಲ. ಆದರೂ ಸಭೆ ಒಂದೇ ಉಸಿರಿಗೆ ‘ಕರೆದರೂ ಕೇಳದೆ’ ಎನ್ನುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಸುಳಿವಿನ ಯಾವ ಭಾಗ ಆ ಹಾಡನ್ನು ತೋರಿಸಿತು? ಯಾವುದೂ ಇಲ್ಲ. ಸಿನಿಮಾದಿಂದ ಹಾಡಿಗೆ ಹಾರಿದ್ದು ಜನಪ್ರಿಯತೆಯ ಹೆಗಲೇರಿ. ಆ ಚಿತ್ರ ಎಂದೊಡನೆ ನೆನಪಾಗುವ ಹಾಡು ಅದೇ, ಪ್ರಶ್ನೆ ಕೇಳಿದವರಿಗೂ ಅದೇ. ಇಬ್ಬರ ನೆನಪೂ ಕೂಡಿಕೊಂಡದ್ದನ್ನೇ ಸಂಗೀತಜ್ಞಾನ ಎಂದು ಎಣಿಸುತ್ತಿದ್ದೇವೆ.

ಜನಪ್ರಿಯ ಹಾಡು ಒಂದಕ್ಕಿಂತ ಹೆಚ್ಚಿದ್ದಾಗ ಈ ಅಚ್ಚು ಪೂರ್ತಿ ಮುರಿದು ಬೀಳುತ್ತದೆ. ಹಿಂದಿಯ ಪ್ರಶ್ನೆ ನೋಡಿ: ಸಂಗೀತ ನಿರ್ದೇಶಕರು 1975ರಲ್ಲಿ ಲಿಫ್ಟ್ ಅಪಘಾತದಲ್ಲಿ ತೀರಿಕೊಂಡರು, ಚಿತ್ರ 1959ರದು, ತಾರೆಯರು ರಾಜೇಂದ್ರ ಕುಮಾರ್ ಮತ್ತು ಅಮೀತಾ. ಕೊಂಕಣದ ವಸಂತ ದೇಸಾಯಿ ಮತ್ತು ‘ಗೂಂಜ್ ಉಠೀ ಶೆಹನಾಯಿ’ ಎಂದು ಮರಾಠಿ ನೆರೆಯಲ್ಲಿ ಬದುಕುವ ಡೊಂಬಿವಲಿಯ ಕನ್ನಡಿಗರಿಗೆ ಹೊಳೆಯುವುದು ಕಷ್ಟವಲ್ಲ. ಮುಂದೇನು? ‘ದಿಲ್ ಕಾ ಖಿಲೋನಾ’ ಎನ್ನಬೇಕೋ, ‘ತೇರೆ ಸುರ್ ಔರ್ ಮೇರೆ ಗೀತ್’ ಎನ್ನಬೇಕೋ, ರಫಿ–ಲತಾ ಯುಗಳಗೀತೆಯನ್ನು ಹೇಳಬೇಕೋ? ಮೂರೂ ಅಷ್ಟೇ ಸರಿಯಾದ ಉತ್ತರಗಳು. ನಿರೂಪಕರ ಚೀಟಿಯಲ್ಲಿರುವುದು ಒಂದೇ ಆದ್ದರಿಂದ ಉಳಿದೆರಡನ್ನು ತಪ್ಪೆನ್ನಬೇಕಾಗುತ್ತದೆ. ಅಲ್ಲಿ ಶುರುವಾಗುವ ಜಗಳದಲ್ಲಿ ನ್ಯಾಯ ಇರುವುದು ಸ್ಪರ್ಧಿಯ ಕಡೆಗೇ.

ಜೀವನಚರಿತ್ರೆಯ ಸುಳಿವು ಘನವಾದದ್ದು ಎಂಬ ಭಾವನೆಯನ್ನೂ ಪರೀಕ್ಷಿಸಬೇಕು. 1975ರ ಸಾವು 1959ರ ಹಾಡಿನ ಬಗ್ಗೆ ಏನು ಹೇಳೀತು? ಏನೂ ಹೇಳದು. ದೇಸಾಯಿಯವರ ಯಾವ ಹಾಡಿಗೆ ಅಂಟಿಸಿದರೂ ಆ ಸುಳಿವು ಅಂಟಿಕೊಳ್ಳುತ್ತದೆ. ಅದು ಮನ ಕಲಕುತ್ತದೆ ಎಂಬ ಕಾರಣಕ್ಕೆ ಅದನ್ನು ಪ್ರಶ್ನೆಗೆ ಎಳೆತರುವುದು ಆ ದೊಡ್ಡ ಕಲಾವಿದರಿಗೆ ಮಾಡುವ ಅನ್ಯಾಯವೂ ಹೌದು. ಅದೇ ಬದುಕಿನಲ್ಲಿ ಕೇಳಿಸುವ ಸಂಗತಿಗಳಿವೆ. ಶಾಸ್ತ್ರೀಯ ಸಂಗೀತದ ದಿಗ್ಗಜರನ್ನು ಸ್ಟುಡಿಯೊಗೆ ಕರೆತರುವುದು ದೇಸಾಯಿಯವರ ಹಟವಾಗಿತ್ತು. 1955ರ ‘ಝನಕ್ ಝನಕ್ ಪಾಯಲ್ ಬಾಜೆ’ಗೆ ಉಸ್ತಾದ್ ಅಮೀರ್ ಖಾನರಿಂದ ಹಾಡಿಸಿದರು, 1959ರಲ್ಲಿ ರಾಜೇಂದ್ರ ಕುಮಾರ್ ಪಾತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಜೋಡಿಸಿದರು. ಹದಿನೆಂಟು ವರ್ಷಗಳ ಬಳಿಕ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರ್ ತುಟಿಗಿಟ್ಟ ವಾದ್ಯದಿಂದ ಹೊರಟದ್ದೂ ಅದೇ ಖಾನರ ಉಸಿರು. ‘ಎರಡು ಭಾಷೆಗಳ ಇಬ್ಬರು ನಾಯಕರಿಗೆ ಒಬ್ಬನೇ ವಾದಕ’ ಎಂಬ ಒಂದೇ ಸಾಲಿನ ಸುಳಿವು ಎರಡೂ ಚಿತ್ರಗಳನ್ನು ಒಟ್ಟಿಗೆ ಹಿಡಿದುಕೊಡುತ್ತದೆ. ಅಷ್ಟೇ ಅಲ್ಲ, ಹಾಡು ನೆನಪಿಗೆ ಬರುವುದಕ್ಕೆ ಮೊದಲೇ ಅದರ ನಾದ ಕಿವಿಗೆ ಬರುತ್ತದೆ. ಬದುಕಿನ ಸಂಗತಿ ಸುಳಿವಾಗಬೇಕಾದರೆ ಅದು ಹಾಡಿನೊಳಗೆ ಕೇಳಿಸಬೇಕು. ಇದು ನನ್ನ ಅಳತೆಗೋಲು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಸಭೆಯಲ್ಲಿ ಅಜ್ಜಿಯೂ ಇರುತ್ತಾರೆ, ಹತ್ತನೇ ಇಯತ್ತೆಯ ಹುಡುಗನೂ ಇರುತ್ತಾನೆ. ರಾಗ, ತಾಳ ಎಂದರೆ ಅರ್ಧ ಜನ ಎದ್ದು ಚಹಾದ ಕಡೆ ಹೋಗುತ್ತಾರೆ, ತಾರೆಯರ ಹೆಸರಾದರೆ ಎಲ್ಲರಿಗೂ ಸಿಗುತ್ತದೆ ಎನ್ನುತ್ತಾರೆ. ಅರ್ಧ ನಿಜ. ‘ತೇರೆ ಸುರ್’ ಬಿಹಾಗ್ ರಾಗದ್ದು ಎಂಬುದನ್ನೇ ಸುಳಿವಾಗಿಟ್ಟರೆ ಕಲಿತವರಿಗಷ್ಟೇ ಆಟ. ಆದರೆ ಕೇಳುವ ಸುಳಿವೆಂದರೆ ರಾಗದ ಹೆಸರು ಮಾತ್ರವೇ? ದನಿ ಒಂದೋ ಎರಡೋ, ಗಂಡೋ ಹೆಣ್ಣೋ, ಹಾಡುವವಳು ಒಲಿದವಳೋ ಮನಸ್ಸು ಮುರಿದವಳೋ — ಇದಕ್ಕೆ ಯಾವ ಪಾಠವೂ ಬೇಡ. ಅದೇ ಚಿತ್ರದಲ್ಲಿ ಲತಾ ಮತ್ತು ಗೀತಾ ದತ್ ಕೂಡಿ ಹಾಡಿದ ‘ಅಖಿಯಾ ಭೂಲ್ ಗಯೀ’ ಇದೆ. ‘ಎರಡು ಹೆಣ್ಣು ದನಿಗಳು, ಗೆಳತಿಯೊಬ್ಬಳನ್ನು ರೇಗಿಸುವ ಹಾಡು’ ಎಂದರೆ ಅದು ತಾನಾಗಿ ಬೇರೆಯಾಗಿ ನಿಲ್ಲುತ್ತದೆ. ಲತಾ ಒಬ್ಬರೇ ಹಾಡಿದ ಎರಡು ಪ್ರಸಿದ್ಧ ಗೀತೆಗಳನ್ನು ಭಾವವೇ ಬೇರ್ಪಡಿಸುತ್ತದೆ: ಒಂದರಲ್ಲಿ ಅವನ ಸ್ವರಕ್ಕೆ ತನ್ನ ಹಾಡನ್ನು ಹೆಣೆಯುವ ಸಂಭ್ರಮ, ಇನ್ನೊಂದರಲ್ಲಿ ಒಡೆದ ಆಟಿಕೆಯ ಅಳಲು. ‘ಸನಾದಿ ಅಪ್ಪಣ್ಣ’ದ ಪ್ರಶ್ನೆಗೂ ‘ಎಸ್. ಜಾನಕಿಯವರ ದನಿಗೂ ಶಹನಾಯಿಗೂ ಸಂವಾದ’ ಎಂಬ ಮಾತು ಸೇರಿದರೆ ಸಾಕು, ಊಹೆ ಉತ್ತರವಾಗುತ್ತದೆ.

ಹಳೆಯ ಅಚ್ಚಿನ ದೊಡ್ಡ ನಷ್ಟವೂ ಇಲ್ಲೇ ಇದೆ. ಉತ್ತರ ಸದಾ ಚಿತ್ರದ ಅತಿ ಪ್ರಸಿದ್ಧ ಹಾಡೇ ಆಗಬೇಕಾದ್ದರಿಂದ, ಲತಾ–ಗೀತಾ ಹಾಡಿನಂಥವು ಎಂದೂ ಉತ್ತರವಾಗಲಾರವು. ಹಳೆಯ ಹಾಡುಗಳನ್ನು ಉಳಿಸುತ್ತೇವೆ ಎಂದು ಹೊರಟ ಆಟ, ಈಗಾಗಲೇ ಉಳಿದಿರುವುದನ್ನೇ ಮತ್ತೆ ಮತ್ತೆ ಉಳಿಸುತ್ತಿದೆ.

ಪ್ರಶ್ನೆ ಬರೆಯುವವರು ಒಂದು ಸರಳ ಪರೀಕ್ಷೆ ಮಾಡಿಕೊಳ್ಳಲಿ. ನಿಮ್ಮ ಉತ್ತರವನ್ನು ಹೊಡೆದುಹಾಕಿ ಅದೇ ಚಿತ್ರದ ಬೇರೊಂದು ಹಾಡನ್ನು ಆ ಜಾಗದಲ್ಲಿ ಬರೆಯಿರಿ. ಆಗಲೂ ಸುಳಿವುಗಳು ಸರಿಹೊಂದಿದರೆ ಇನ್ನೂ ಒಂದು ಸುಳಿವು ಬೇಕು, ಅದು ಕಿವಿಗೆ ಸೇರಿದ್ದಾಗಿರಬೇಕು. ಅಲ್ಲಿಯವರೆಗೆ ಚಿತ್ರದ ಹೆಸರು ಹೇಳಿದವರಿಗೂ ಪೂರ್ಣ ಅಂಕ ಕೊಡಿ. ನೀವು ಕೇಳಿದ್ದು ಅಷ್ಟನ್ನೇ.