ಮಿನಿ ಅನ್ನೋ ಕೆಂಪು ಬಣ್ಣ

ಇಂಗ್ಲಿಷಿನ ‘ಮಿನಸ್ಕ್ಯೂಲ್’ ಅಂದರೆ ತೀರಾ ಚಿಕ್ಕದು ಅಂತ ಅರ್ಥ. ಬರೆಯುವಾಗ ಎಂ-ಐ-ಎನ್ ಆದಮೇಲೆ ಯು ಬರಬೇಕು. ಅಲ್ಲಿ ಐ ಹಾಕುವವರು ಎಷ್ಟು ಜನ ಅಂದರೆ, ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಆ ರೂಪಕ್ಕೂ ಜಾಗ ಕೊಟ್ಟಿದೆ. ಜೊತೆಗೆ, ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಇದು ಬಳಕೆಯಲ್ಲಿದೆ, ಆದರೂ ತುಂಬಾ ಜನ ಇದನ್ನು ತಪ್ಪು ಅಂತಲೇ ತಿಳಿಯುತ್ತಾರೆ ಅನ್ನೋ ಟಿಪ್ಪಣಿಯನ್ನೂ ಹಾಕಿದೆ. ಇದನ್ನು ನೋಡಿ ನಿಘಂಟಿನವರು ಕೈಚೆಲ್ಲಿ ಕೂತರು ಅಂತ ಗೊಣಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಗೊಣಗುವವರ ವಾದ ಪದದ ಮೂಲದ ಮೇಲೆ ನಿಂತಿದೆ. ಲ್ಯಾಟಿನ್ನಿನಲ್ಲಿ ‘ಮಿನುಸ್’ ಅಂದರೆ ಕಡಿಮೆ. ನಮ್ಮ ಲೆಕ್ಕದ ಮೈನಸ್ಸೂ ಅದೇ. ಅದರಿಂದ ಬಂದ ‘ಮಿನುಸ್ಕುಲುಸ್’ ಅಂದರೆ ತುಸು ಚಿಕ್ಕದು. ಮೊದಮೊದಲು ಇಂಗ್ಲಿಷಿನಲ್ಲಿ ಇದು ಅಕ್ಷರಗಳಿಗೆ ಸಂಬಂಧಿಸಿದ ಮಾತಾಗಿತ್ತು, ಸಣ್ಣಕ್ಷರಗಳಿಗೆ ಹೀಗೆ ಹೇಳುತ್ತಿದ್ದರು. ಹಾಗಾಗಿ ಯು ಇರಬೇಕು ಅನ್ನುವುದು ನಿಜವೇ.

ಆ ಯು ಯಾಕೆ ಜಾರಿತು? ಹಿಂದೆ ಈ ಪದದಲ್ಲಿ ಒತ್ತು ಎರಡನೇ ಉಚ್ಚಾರದ ಮೇಲೆ, ‘ನಸ್’ ಮೇಲೆ ಬೀಳುತ್ತಿತ್ತು. ಈಗ ಮೊದಲನೆಯದಕ್ಕೆ ಬಂದಿದೆ. ಒತ್ತಿಲ್ಲದ ಸ್ವರ ಮಸುಕಾಗಿ, ಅದು ಯು-ನೋ ಐ-ನೋ ಕಿವಿಗೆ ಗೊತ್ತಾಗುವುದಿಲ್ಲ. ಅರ್ಥ ಚಿಕ್ಕದು, ಶುರುವಾಗುವುದು ‘ಮಿನ್’ ಅಂತ. ಕೈ ತಾನೇ ‘ಮಿನಿ’ ಅಂತ ಬರೆದುಬಿಡುತ್ತದೆ.

ತಮಾಷೆ ಇರುವುದು ಆ ‘ಮಿನಿ’ಯಲ್ಲೇ. ಮಿನಿ ಬಸ್ಸು, ತಾಲ್ಲೂಕಿಗೊಂದು ಮಿನಿ ವಿಧಾನಸೌಧ ಅಂತ ನಾವೂ ಧಾರಾಳವಾಗಿ ಬಳಸುವ ಇದು ‘ಮಿನಿಯೇಚರ್’ನ ತುಂಡು. ಮಿನಿಯೇಚರ್‌ಗೂ ಚಿಕ್ಕದಕ್ಕೂ ಮೂಲದಲ್ಲಿ ಏನೇನೂ ಸಂಬಂಧವಿಲ್ಲ! ‘ಮಿನಿಯಮ್’ ಅಂದರೆ ಸೀಸದಿಂದ ಮಾಡಿದ ಕೆಂಪು ಬಣ್ಣ. ಹಸ್ತಪ್ರತಿಗಳ ಮೊದಲಕ್ಷರಕ್ಕೆ, ಶೀರ್ಷಿಕೆಗೆ ಆ ಕೆಂಪು ಬಳಿಯುವುದಕ್ಕೆ ‘ಮಿನಿಯಾರೆ’ ಅನ್ನುತ್ತಿದ್ದರು. ಅದರಿಂದ ಹಸ್ತಪ್ರತಿಯ ಚಿತ್ರಕ್ಕೆ ಇಟಾಲಿಯನ್ನಿನಲ್ಲಿ ‘ಮಿನಿಯಾತೂರ’ ಅನ್ನೋ ಹೆಸರು ಬಂತು. ಪುಟದೊಳಗಿನ ಚಿತ್ರಗಳು ಸಹಜವಾಗಿ ಸಣ್ಣವು. ಮೇಲಾಗಿ ಪದ ‘ಮಿನಿಮಮ್’ ಥರ ಕೇಳಿಸುತ್ತಿತ್ತು. ಹೀಗೆ ಬಣ್ಣದ ಹೆಸರು ಅಳತೆಯ ಹೆಸರಾಯಿತು.

ಅಂದರೆ ಐ ಹಾಕುವವರು ಮಾಡುತ್ತಿರುವುದು, ಮಿನಿಯೇಚರ್ ವಿಷಯದಲ್ಲಿ ಹಿಂದೆಯೇ ಗೆದ್ದಿರುವ ಅದೇ ಗೊಂದಲ. ಮೂಲವೇ ಸಾಕ್ಷಿ ಅನ್ನುವವರು ಮಿನಿಯೇಚರನ್ನೂ ಕೆಂಪು ಬಣ್ಣಕ್ಕೆ ವಾಪಸ್ ಕಳಿಸಬೇಕಾಗುತ್ತದೆ. ಯಾರೂ ಕಳಿಸುವುದಿಲ್ಲ.

ನಿಘಂಟಿನ ಮೇಲೆ ನನ್ನ ತಕರಾರು ಬೇರೆ. ‘ಸಾಮಾನ್ಯ ರೂಪ’ ಅನ್ನುವಷ್ಟನ್ನೇ ಓದಿ, ಕೆಳಗಿನ ಟಿಪ್ಪಣಿ ನೋಡದೆ ಪುಟ ಮುಚ್ಚುವವರು ಜಾಸ್ತಿ. ಆ ಎಚ್ಚರಿಕೆ ಪದದ ಪಕ್ಕದಲ್ಲೇ ಇರಬೇಕಿತ್ತು. ಉದ್ಯೋಗದ ಅರ್ಜಿ ಓದುವವರ ಕಣ್ಣಿಗೆ ಆ ಐ ಇನ್ನೂ ತಪ್ಪಾಗಿಯೇ ಕಾಣುತ್ತದೆ. ಅಲ್ಲಿ ನಾನಂತೂ ಮೈನಸ್ ನೆನೆಸಿಕೊಂಡು ಯು-ನೇ ಹಾಕುತ್ತೇನೆ.