ಬಾಳಗುಟಿಯ ಜೇನು

ಕೊಲ್ಲಾಪುರ ಸೀಮೆಯ ಮನೆಗಳಲ್ಲಿ ಜೇನುತುಪ್ಪಕ್ಕೆ ಸಂದಿರುವ ಮರ್ಯಾದೆ ಸಲ್ಲಬಾರದ ಕಡೆ ಸಂದಿದೆ. ಗಡಹಿಂಗ್ಲಜ ಇರಲಿ, ಇಚಲಕರಂಜಿ ಇರಲಿ, ಕನ್ನಡದವರ ಮನೆ ಇರಲಿ, ಮರಾಠಿಯವರ ಮನೆ ಇರಲಿ, ಎರಡು ತಿಂಗಳ ಕೂಸು ಕೆಮ್ಮಿದರೆ ಸಹಾಣದ ಮೇಲೆ ಬಜೆ ತೇಯ್ದು ಜೇನು ಕಲಸಿ ಬೆರಳಿನಿಂದ ನೆಕ್ಕಿಸುತ್ತಾರೆ. ಅದೇ ಮನೆಯ ನಾಲ್ಕು ವರ್ಷದ ಮಗು ರಾತ್ರಿಯೆಲ್ಲ ಕೆಮ್ಮಿದರೆ ಮೆಡಿಕಲ್ ಅಂಗಡಿಯ ಬಾಟಲಿ ಬರುತ್ತದೆ. ನನ್ನ ಪ್ರಕಾರ ಇದು ಪೂರ್ತಿ ತಿರುವುಮುರುವಾಗಿದೆ. ಜೇನು ಬೇಕಾದದ್ದು ನಾಲ್ಕು ವರ್ಷದ ಮಗುವಿಗೆ. ಎರಡು ತಿಂಗಳ ಕೂಸಿಗೆ ಅದರ ಒಂದು ತೊಟ್ಟೂ ಬೇಡ.

2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಎಲ್ಲರಿಗೂ ಗೊತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಸಿರಪ್ ಕೊಡಬೇಡಿ, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಹೇಳಿತು. ಸರಿಯಾದ ಮಾತು. ಆದರೆ ಅದರ ಬೆನ್ನಿಗೇ ಜೇನಿನ ಸ್ತುತಿ ಶುರುವಾಯಿತು: ಸಿರಪ್ ಬಿಡಿ, ಜೇನು ಕೊಡಿ, ಅದರಿಂದ ಯಾರಿಗೂ ಕೆಡುಕಿಲ್ಲ. ಈ ಕೊನೆಯ ಮಾತು ಸುಳ್ಳು. ಸುಳ್ಳಾಗುವುದು ಹುಟ್ಟಿದ ಮೊದಲ ಹನ್ನೆರಡು ತಿಂಗಳಲ್ಲಿ, ಅಂದರೆ ಬಾಳಗುಟಿ ನಡೆಯುವ ತಿಂಗಳುಗಳಲ್ಲೇ.

ಬಾಳಗುಟಿಯನ್ನು ಹತ್ತಿರದಿಂದ ನೋಡೋಣ. ಬಜೆ, ಅಳಲೇಕಾಯಿ, ಜಾಯಿಕಾಯಿ, ಮುರುಡಶೇಂಗ, ಜೇಷ್ಠಮಧು, ಒಣಶುಂಠಿ ಇವನ್ನು ಒಂದೊಂದಾಗಿ ಸಹಾಣದ ಮೇಲೆ ಕೆಲವೇ ಸುತ್ತು ತೇಯುತ್ತಾರೆ. ಕೂಸು ದೊಡ್ಡದಾದಂತೆ ಸುತ್ತು ಹೆಚ್ಚುತ್ತವೆ. ಯಾವುದನ್ನು ಎಷ್ಟು ಸುತ್ತು ಎಂದು ಅಜ್ಜಿಗೆ ಕರಾರುವಾಕ್ಕಾಗಿ ಗೊತ್ತು. ಈ ಕಟ್ಟುನಿಟ್ಟಿಗೆ ನಾನು ಬೆಲೆ ಕೊಡುತ್ತೇನೆ: ಕೂಸಿನ ವಯಸ್ಸಿಗೆ ತಕ್ಕಂತೆ ಪ್ರಮಾಣ ಬದಲಾಗಬೇಕೆಂಬ ಅರಿವು ಅದರಲ್ಲಿದೆ. ಆದರೆ ಆ ಎಚ್ಚರವೆಲ್ಲ ಬೇರು ಕಾಯಿಗಳ ಮೇಲೆ. ಕೊನೆಗೆ ಬೆರೆಸುವ ಜೇನಿಗೆ ಲೆಕ್ಕವೇ ಇಲ್ಲ. ಅದು ಔಷಧವನ್ನು ಒಳಗೆ ಕಳಿಸುವ ಸಿಹಿ ಮಾತ್ರ ಎಂದು ಎಲ್ಲರೂ ನಂಬಿದ್ದಾರೆ. ಕೆಡುಕು ಕೂತಿರುವುದು ಆ ಸಿಹಿಯಲ್ಲೇ.

ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಸೂಕ್ಷ್ಮಾಣು ಇರುತ್ತದೆ. ಕಷ್ಟಕಾಲದಲ್ಲಿ ಅದು ಗಟ್ಟಿ ಕವಚದೊಳಗೆ ಬೀಜದಂತೆ ನಿದ್ದೆಹೋಗುತ್ತದೆ. ಜೇನಿನಲ್ಲಿ ನೀರು ಕಡಿಮೆ, ಹುಳಿಗುಣ ಹೆಚ್ಚು; ಹಾಗಾಗಿ ಅದರೊಳಗೆ ಸೂಕ್ಷ್ಮಾಣುಗಳು ಸಾಮಾನ್ಯವಾಗಿ ಬೆಳೆಯಲಾರವು. ಜೇನು ಕೆಡುವುದಿಲ್ಲ ಎಂಬ ಖ್ಯಾತಿ ಬಂದದ್ದು ಇದರಿಂದ. ಆದರೆ ಬೆಳೆಯಲಾರದ್ದು ಸತ್ತಿದೆ ಎಂದಲ್ಲ. ನಿದ್ದೆಯಲ್ಲಿರುವ ಬೀಜಾಣು ಜೇನಿನಲ್ಲಿ ಹಾಗೆಯೇ ಕಾದಿರುತ್ತದೆ. ದೊಡ್ಡವರ ಕರುಳಿಗೆ ಹೋದರೆ ಅಲ್ಲಿ ಮೊದಲೇ ನೆಲೆಸಿರುವ ನೂರಾರು ಬಗೆಯ ಸೂಕ್ಷ್ಮಾಣುಗಳು ಅದಕ್ಕೆ ಜಾಗ ಬಿಡುವುದಿಲ್ಲ, ಅದು ಬಂದ ಹಾಗೆ ಹೊರಟುಹೋಗುತ್ತದೆ. ಕೂಸಿನ ಕರುಳಿನಲ್ಲಿ ಆ ವಸತಿ ಇನ್ನೂ ತುಂಬಿಲ್ಲ. ಬೀಜಾಣು ಅಲ್ಲಿ ಮೊಳೆತು, ಬೆಳೆದು, ನರ ಮತ್ತು ಸ್ನಾಯು ಕೂಡುವ ಜಾಗವನ್ನು ಕಟ್ಟಿಹಾಕುವ ವಿಷವನ್ನು ಕರುಳಿನೊಳಗೇ ತಯಾರಿಸುತ್ತದೆ. ಕ್ಯಾಲಿಫೋರ್ನಿಯಾದ ವೈದ್ಯರು ಈ ಕಾಯಿಲೆಯನ್ನು ಗುರುತಿಸಿದ್ದು 1976ರಲ್ಲಿ. ಮೂರು ವರ್ಷದ ನಂತರ ಸ್ಟೀಫನ್ ಆರ್ನನ್ ಮತ್ತು ಸಂಗಡಿಗರು ಜೇನಿನ ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಹತ್ತರಲ್ಲಿ ಒಂದರಲ್ಲಿ ಈ ಬೀಜಾಣು ಸಿಕ್ಕಿತು. ಕಾಯಿಲೆ ಬರಲು ಹತ್ತರಿಂದ ನೂರು ಬೀಜಾಣು ಸಾಕೆಂದು ಅಂದಾಜು. ಬೆರಳ ತುದಿಯ ಜೇನಿಗೆ ಅಷ್ಟು ಹೊರುವ ಶಕ್ತಿಯಿದೆ.

ಇಲ್ಲಿ ನನ್ನ ಜಗಳ ಶುರುವಾಗುವುದು ಜೇನಿನ ವಕೀಲರ ಜೊತೆ. ಅವರ ಮೊದಲ ವಾದ ಶುದ್ಧತೆಯದು: ಅಂಗಡಿಯ ಕಲಬೆರಕೆ ಜೇನು ಬೇಡ, ಭುದರಗಡದ ಪಾಟಗಾಂವದಿಂದ ತಂದ ಕಾಡಿನ ಜೇನು ಕೊಡಿ. ಪಾಟಗಾಂವ ಜೇನಿನ ಊರೆಂದು ಹೆಸರಾಗಿರುವುದು ನ್ಯಾಯವಾಗಿಯೇ. ಆ ಜೇನು ಒಳ್ಳೆಯದೇ. ಆದರೆ ಬೀಜಾಣು ಬರುವುದು ಸಕ್ಕರೆ ಪಾಕದ ಕಲಬೆರಕೆಯಿಂದಲ್ಲ, ಮಣ್ಣು ಧೂಳಿನಿಂದ. ಹೂವಿಂದ ಹೂವಿಗೆ ಹಾರುವ ಹುಳು ಅದನ್ನು ಹೊತ್ತು ತರುತ್ತದೆ. ಈ ವಿಷಯದಲ್ಲಿ ಶುದ್ಧ ಜೇನೂ ಅಂಗಡಿ ಜೇನೂ ಒಂದೇ. ಎರಡನೆಯ ವಾದ ಕಾಯಿಸುವುದರದು. ನೀರು ಕುದಿಯುವ ಶಾಖಕ್ಕೆ ವಿಷ ನಾಶವಾಗುತ್ತದೆ, ನಿಜ. ಬೀಜಾಣು ನಾಶವಾಗುವುದಿಲ್ಲ. ಅದಕ್ಕೆ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಬೇಕು. ಬಿಸಿ ಹಾಲಿಗೆ ಹಾಕಿದರೂ, ಒಗ್ಗರಣೆ ಸೌಟಿನಲ್ಲಿ ಬಿಸಿಮಾಡಿದರೂ ಅದು ಬದುಕಿಯೇ ಇರುತ್ತದೆ.

ಮೂರನೆಯದು ಬಲವಾದ ವಾದ: ನಮ್ಮನ್ನೆಲ್ಲ ಹೀಗೇ ಬೆಳೆಸಿದರು, ಯಾರಿಗೇನಾಯಿತು? ಇದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಜೇನು ನೆಕ್ಕಿದ ಬಹುತೇಕ ಕೂಸುಗಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಬಹುಪಾಲು ಜೇನಿನಲ್ಲಿ ಬೀಜಾಣು ಇರುವುದಿಲ್ಲ. ಆದ ಕೂಸಿನ ಕಥೆ ಯಾಕೆ ಯಾರ ಬಾಯಲ್ಲೂ ಇಲ್ಲ ಎಂಬುದು ಕೇಳಬೇಕಾದ ಪ್ರಶ್ನೆ. ನಾಲ್ಕು ತಿಂಗಳ ಕೂಸೊಂದನ್ನು ಊಹಿಸಿಕೊಳ್ಳಿ. ಕೆಮ್ಮಿಗೆಂದು ಮೂರು ದಿನ ಜೇನು ನೆಕ್ಕಿಸಿದರು, ಕೆಮ್ಮು ಹೋಯಿತು, ಜೇನಿಗೆ ಹೆಸರು ಬಂತು. ಕಾಯಿಲೆ ಕಾಣಿಸುವುದು ಮೂರು ದಿನದಿಂದ ಮೂವತ್ತು ದಿನದೊಳಗೆ ಯಾವಾಗ ಬೇಕಾದರೂ. ಎರಡು ವಾರದ ಮೇಲೆ ಕೂಸು ಮಲ ಮಾಡುವುದನ್ನು ನಿಲ್ಲಿಸುತ್ತದೆ. ಮಲಬದ್ಧತೆಗೆ ಯಾರೂ ಹೆದರುವುದಿಲ್ಲ. ಬಹುಶಃ ಇನ್ನೊಂದು ಗುಟಿ ತೇಯುತ್ತಾರೆ. ಆಮೇಲೆ ಮೊಲೆ ಚೀಪುವ ಬಲ ಕುಂದುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋಲುತ್ತದೆ, ನಿಂತಿದ್ದ ಕತ್ತು ಮತ್ತೆ ವಾಲುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಲಹೀನತೆ ಮುಖದಿಂದ ಕೆಳಗಿಳಿಯುತ್ತ ಎದೆಗೆ ಬಂದರೆ ಉಸಿರಾಟ ಸೋಲುತ್ತದೆ. ಎರಡು ವಾರದ ಹಿಂದಿನ ಬೆರಳ ತುದಿಯ ಜೇನು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಮಲದಲ್ಲಿ ಆ ವಿಷವನ್ನು ಹುಡುಕುವ ಪರೀಕ್ಷೆ ತಾಲ್ಲೂಕಿನ ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ. ಕೇಳದ ಪ್ರಶ್ನೆಗೆ, ಮಾಡದ ಪರೀಕ್ಷೆಗೆ ಲೆಕ್ಕ ಸಿಗುವುದಿಲ್ಲ. ಹುಡುಕುವ ವ್ಯವಸ್ಥೆ ಇದ್ದಲ್ಲಿ ಸಿಗುತ್ತದೆ: 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜೇನು ತುಂಬಿದ ಚೀಪುಗೊಂಬೆ ಚೀಪಿದ ನಾಲ್ಕು ಕೂಸುಗಳು ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದವು.

ಜೇನು ಬಿಟ್ಟು ಬರೀ ಗುಟಿ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ತಾಯಿಯ ಹಾಲಿನಲ್ಲಿ ತೇಯುವ ರೂಢಿಯೂ ಉಂಟು. ಬಜೆ, ಶುಂಠಿ ನೆಲದೊಳಗೆ ಬೆಳೆದವು, ಮಣ್ಣಿನ ನಂಟು ಅವಕ್ಕೂ ಇದೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ಏನೂ ಬೇಡ ಎಂಬ ನಿಯಮವನ್ನು ಗುಟಿಗಾಗಿ ಮುರಿಯಲು ನನಗೆ ಕಾರಣ ಕಾಣುವುದಿಲ್ಲ. ಪುಷ್ಯ ನಕ್ಷತ್ರದ ದಿನ ಜೇನು ತುಪ್ಪದಲ್ಲಿ ಕೊಡುವ ಸುವರ್ಣಪ್ರಾಶನಕ್ಕೂ ವರ್ಷ ತುಂಬುವವರೆಗೆ ಇದೇ ಆಕ್ಷೇಪ ಸಲ್ಲುತ್ತದೆ.

ವರ್ಷ ತುಂಬಿದ ಮೇಲೆ ನನ್ನ ಜಗಳ ಎದುರು ಪಾಳೆಯದ ಜೊತೆ. ಜೇನು ಬರೀ ಸಕ್ಕರೆ, ಅಜ್ಜಿಯರ ಸಮಾಧಾನ ಎಂದು ಕೈಬೀಸುವ ವೈದ್ಯರಿದ್ದಾರೆ. ಅವರು 2007ರ ಇಯಾನ್ ಪಾಲ್ ಅವರ ಪ್ರಯೋಗವನ್ನು ಮತ್ತೆ ಓದಬೇಕು. ಪೆನ್ಸಿಲ್ವೇನಿಯಾದ 105 ಮಕ್ಕಳು, ಎಲ್ಲರಿಗೂ ನೆಗಡಿಯ ಕೆಮ್ಮು, ಯಾರದೂ ಒಂದು ವಾರ ಮೀರಿದ್ದಲ್ಲ. ಮಲಗುವ ಅರ್ಧ ಗಂಟೆ ಮುಂಚೆ ಕೆಲವರಿಗೆ ಜೇನು, ಕೆಲವರಿಗೆ ಡೆಕ್ಸ್‌ಟ್ರೋಮೆಥಾರ್ಫಾನ್ ಎಂಬ ಸಿರಪ್ ಔಷಧ, ಕೆಲವರಿಗೆ ಏನೂ ಇಲ್ಲ. ಆ ರಾತ್ರಿಯ ಕೆಮ್ಮನ್ನೂ ನಿದ್ದೆಯನ್ನೂ ತಂದೆತಾಯಿ ಅಂಕ ಕೊಟ್ಟು ಹೇಳಿದರು. ಏನೂ ಕೊಡದ ಗುಂಪಿಗಿಂತ ಜೇನು ಚೆನ್ನಾಗಿ ಗೆದ್ದಿತು. ಜೇನು ಮತ್ತು ಸಿರಪ್ ನಡುವಿನ ಅಂತರ ಖಚಿತವಾಗಲಿಲ್ಲ. ಹಣ ಕೊಟ್ಟದ್ದು ಅಮೆರಿಕದ ಜೇನು ಮಂಡಳಿ ಎಂಬ ಆಕ್ಷೇಪ ಇದೆ, ಅದನ್ನು ಮರೆಯಬಾರದು.

ನನಗೆ ಹೆಚ್ಚು ಮುಖ್ಯವಾದದ್ದು 2012ರಲ್ಲಿ ಇಸ್ರೇಲಿನ ಹರ್ಮನ್ ಕೋಹೆನ್ ತಂಡ ಪ್ರಕಟಿಸಿದ ಪ್ರಯೋಗ. ಒಂದರಿಂದ ಐದು ವರ್ಷದ 300 ಮಕ್ಕಳು. ಮೂರು ಗುಂಪಿಗೆ ಮೂರು ಬಗೆಯ ಜೇನು, ನಾಲ್ಕನೆಯದಕ್ಕೆ ಜೇನಿನಂತೆಯೇ ಕಾಣುವ ಖರ್ಜೂರದ ಪಾಕ. ಎಲ್ಲರಿಗೂ ಹತ್ತು ಗ್ರಾಂ, ಒಂದೇ ರಾತ್ರಿ. ಜೇನು ಗೆದ್ದಿತು, ಆದರೆ ಪಾಕ ಕುಡಿದವರೂ ಸುಧಾರಿಸಿದರು. ಜೇನಿನ ಭಕ್ತರು ಈ ಎರಡನೆಯ ಅರ್ಧವನ್ನು ಹೇಳುವುದೇ ಇಲ್ಲ. ದಪ್ಪ ಸಿಹಿ ಗಂಟಲಿಗೆ ಸವರಿಕೊಂಡು ಜೊಲ್ಲು ಹೆಚ್ಚಿಸುವುದರಿಂದಲೇ ಒಂದಿಷ್ಟು ಆರಾಮ ಬರುತ್ತದೆ, ತಾನಾಗಿ ಇಳಿಯುವ ಕೆಮ್ಮು ತಾನಾಗಿಯೂ ಇಳಿಯುತ್ತದೆ. ಉಳಿದದ್ದು ಜೇನಿನ ಪಾಲು. ಆ ಪಾಲು ದೊಡ್ಡದಲ್ಲ, ಆದರೆ ಇದೆ. ಆರು ಪ್ರಯೋಗಗಳ 899 ಮಕ್ಕಳನ್ನು ಒಟ್ಟಿಗೆ ನೋಡಿದ 2018ರ ಕಾಕ್ರೇನ್ ಸಮೀಕ್ಷೆಯ ತೀರ್ಮಾನವೂ ಸುಮಾರಾಗಿ ಇಷ್ಟೇ. ಆರಾಮ ಕೊಡುತ್ತದೆ, ಸೋಂಕನ್ನು ವಾಸಿ ಮಾಡುವುದಿಲ್ಲ.

ಹಾಗಾದರೆ ಎಷ್ಟು? ಒಂದರಿಂದ ಐದು ವರ್ಷದವರಿಗೆ ಅರ್ಧ ಚಮಚ, ಆರರಿಂದ ಹನ್ನೊಂದರವರಿಗೆ ಒಂದು, ಹನ್ನೆರಡು ದಾಟಿದವರಿಗೆ ಎರಡು. ಚಮಚ ಎಂದರೆ ಔಷಧದ ಐದು ಮಿಲಿಲೀಟರಿನದು. ಮನೆಯ ಚಮಚಗಳು ಒಂದರಂತೆ ಒಂದಿಲ್ಲ, ಸಿರಪ್ ಮುಚ್ಚಳದ ಅಳತೆ ಬಳಸಿ. ಕೋಹೆನ್ ಕೊಟ್ಟ ಹತ್ತು ಗ್ರಾಂ ಹೆಚ್ಚುಕಡಿಮೆ ಒಂದೂವರೆ ಚಮಚ, ಅಂದರೆ ಈ ಸಲಹೆಯ ಮೂರು ಪಟ್ಟು. ಒಂದು ರಾತ್ರಿಗೆ ಅದರಿಂದ ಅಪಾಯವಿಲ್ಲ. ಆದರೆ ಜೇನಿನ ಐದರಲ್ಲಿ ನಾಲ್ಕು ಪಾಲು ಸಕ್ಕರೆ, ಕೆಮ್ಮೋ ನಾಲ್ಕಾರು ರಾತ್ರಿ ಇರುತ್ತದೆ. ಆದ್ದರಿಂದ ಚಿಕ್ಕವರಿಗೆ ಅರ್ಧ ಚಮಚದಿಂದ ಶುರುಮಾಡಿ, ಸಾಲದಿದ್ದರೆ ಒಂದು ಚಮಚದವರೆಗೆ ಹೋಗುವುದು ಸರಿಯೆಂದು ನನ್ನ ಅಭಿಪ್ರಾಯ. ಮಲಗುವ ಅರ್ಧ ಗಂಟೆ ಮುಂಚೆ ಕೊಟ್ಟು, ಹಲ್ಲು ಉಜ್ಜಿಸಿ ಮಲಗಿಸಿ. ಹಗಲಲ್ಲಿ ಪದೇಪದೇ ಬೇಡ.

ಪ್ರಯೋಗಗಳು ನೋಡಿದ್ದು ಒಂದು ವಾರದೊಳಗಿನ ನೆಗಡಿಯ ಕೆಮ್ಮನ್ನು ಮಾತ್ರ. ಮಗ್ಗದ ಧೂಳಿನ ಇಚಲಕರಂಜಿಯಲ್ಲಿ ತಿಂಗಳುಗಟ್ಟಲೆ ಉಳಿದ ಕೆಮ್ಮಿಗೆ, ಎದೆಯಲ್ಲಿ ಸುಂಯ್‌ಗುಟ್ಟುವ ಉಬ್ಬಸಕ್ಕೆ ಜೇನು ಉತ್ತರವಲ್ಲ. ಎರಡು ವಾರ ದಾಟಿದ ಕೆಮ್ಮನ್ನು ವೈದ್ಯರು ನೋಡಬೇಕು. ಮಗು ಶಾಂತವಾಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ: ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40 ಮುಟ್ಟಿದರೆ, ಅಥವಾ ಪಕ್ಕೆ ಒಳಗೆ ಎಳೆದುಕೊಂಡರೆ ಅದೇ ದಿನ ಆಸ್ಪತ್ರೆ. ವರ್ಷದೊಳಗಿನ ಕೂಸಿನ ಸಾದಾ ನೆಗಡಿ ಕೆಮ್ಮಿಗೆ ಪದೇಪದೇ ಎದೆಹಾಲು, ಮೂಗಿಗೆ ಉಪ್ಪುನೀರಿನ ಹನಿ ಸಾಕು.

ಗಡಹಿಂಗ್ಲಜದಲ್ಲೋ ಕೊಲ್ಲಾಪುರದಲ್ಲೋ ಮೆತ್ತಗಾದ ಕೂಸನ್ನು ಎತ್ತಿಕೊಂಡು ಹೋದವರಲ್ಲಿ ಒಂದು ವಿನಂತಿ. ಕಳೆದ ಒಂದು ತಿಂಗಳಲ್ಲಿ ಜೇನು ನೆಕ್ಕಿಸಿದ್ದರೆ, ಬೆರಳ ತುದಿಯಷ್ಟೇ ಆದರೂ, ವೈದ್ಯರು ಕೇಳುವ ಮುಂಚೆ ನೀವೇ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಇಂಥ ಕೂಸಿಗೆ ನಂಜೇರಿರಬಹುದೆಂದು ಸಾಮಾನ್ಯವಾಗಿ ಕೊಡುವ ಜೆಂಟಾಮೈಸಿನ್ ಚುಚ್ಚುಮದ್ದು ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಕಾಯಿಲೆ ಗೊತ್ತಾಗಿ, ಸಮಯಕ್ಕೆ ಉಸಿರಾಟದ ಯಂತ್ರ ಸಿಕ್ಕ ಕೂಸುಗಳಲ್ಲಿ ಹೆಚ್ಚಿನವು ಕೆಲವು ವಾರ, ಕೆಲವು ತಿಂಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತವೆ.